ಬ್ಯಾಂಕ್ ಮೆಸೇಜ್ ಕಾಣಲಿ, ಆಫರ್ ಮೆಸೇಜ್ ಸುಮ್ಮನಿರಲಿ

ಒಂದು ಮಧ್ಯಾಹ್ನ ಸಿಟ್ಟು ಬಂದು, ನನ್ನ ಬ್ಯಾಂಕಿನಿಂದ ಬಂದ ಸಾಲದ ಜಾಹೀರಾತನ್ನು ಬ್ಲಾಕ್ ಮಾಡಿದೆ. ಮೂರು ವಾರ ಫೋನು ತಣ್ಣಗಿತ್ತು. ಆಮೇಲೆ ಖಾತೆ ತೆರೆದು ನೋಡಿದರೆ, ನನಗೆ ನೆನಪೇ ಇಲ್ಲದ ಒಂದು ಚಂದಾ ಹಣ ಕಟ್ ಆಗಿತ್ತು. ಮೆಸೇಜ್ ಯಾಕೆ ಬರಲಿಲ್ಲ ಅಂತ ಹುಡುಕಿದೆ. ಬಂದಿತ್ತು, ಬ್ಲಾಕ್ ಆದವುಗಳ ಜೊತೆ ಹೋಗಿ ಕೂತಿತ್ತು. ಜಾಹೀರಾತನ್ನೂ ಲೆಕ್ಕದ ಮೆಸೇಜನ್ನೂ ಆ ಬ್ಯಾಂಕು ಒಂದೇ ಹೆಸರಿನಿಂದ ಕಳಿಸುತ್ತಿತ್ತು.

ಹೆಚ್ಚಿನವರು ಎಡವುವುದು ಇಲ್ಲೇ. ಕಾಟ ಕೊಡುವುದನ್ನು ಮೊದಲು ಬ್ಲಾಕ್ ಮಾಡುತ್ತೇವೆ, ಬೇಕಾದದ್ದರ ಬಗ್ಗೆ ಆಮೇಲೆ ಯೋಚಿಸುತ್ತೇವೆ. ಈ ಕೆಲಸವನ್ನು ತಲೆಕೆಳಗು ಮಾಡಿ ಮಾಡಬೇಕು. ಬೇಕಾದ ಮೆಸೇಜ್‌ಗಳು ಯಾವ ಹೆಸರಿನಿಂದ ಬರುತ್ತವೆ ಅಂತ ಮೊದಲು ತಿಳಿದುಕೊಳ್ಳಿ. ಅವಕ್ಕೆ ಸದ್ದು ಕೊಡಿ. ಉಳಿದವುಗಳ ಸದ್ದು ತೆಗೆಯಿರಿ. ಬ್ಲಾಕ್ ಬಟನ್ ಕಡೆಯದು.

ಮೊದಲು ಹೆಸರುಗಳ ಪಟ್ಟಿ

ಫೋನಿನ ಮೆಸೇಜ್ ಆ್ಯಪ್ ತೆರೆದು, ಮೇಲಿರುವ ಹುಡುಕುವ ಜಾಗದಲ್ಲಿ ಒಂದೊಂದೇ ಪದ ಹಾಕಿ: `OTP`, `debited`, `credited`, `due`, `delivery`, `delivered`. ಮೆಸೇಜ್‌ಗಳು ಬೇರೆ ಭಾಷೆಯಲ್ಲಿ ಬರುತ್ತಿದ್ದರೆ ಆ ಭಾಷೆಯ ಪದ ಹಾಕಿ. ಸಿಕ್ಕಿದ ಪ್ರತಿ ಮೆಸೇಜಿನ ಮೇಲ್ಭಾಗದಲ್ಲಿರುವ ಹೆಸರನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕೊನೇ ಪಕ್ಷ ಮೂರು ತಿಂಗಳ ಹಿಂದಿನವರೆಗೆ ಹೋಗಿ. ಕಾರ್ಡ್ ಬಿಲ್ ತಿಂಗಳಿಗೊಮ್ಮೆ ಬರುತ್ತದೆ. ವಿಮೆಯ ಕಂತು ಕೆಲವರಿಗೆ ಮೂರು ತಿಂಗಳಿಗೊಮ್ಮೆ. ಒಂದು ವಾರದ ಮೆಸೇಜ್ ನೋಡಿ ಪಟ್ಟಿ ಮಾಡಿದರೆ ಇವು ಬಿಟ್ಟುಹೋಗುತ್ತವೆ.

ಕಂಪನಿಗಳ ಮೆಸೇಜ್ ಮೂರು ರೀತಿಯ ವಿಳಾಸದಿಂದ ಬರುತ್ತದೆ. ಒಂದು, ನಮ್ಮ ನಿಮ್ಮಂಥ ಉದ್ದ ಫೋನ್ ನಂಬರ್. ಇನ್ನೊಂದು, ಐದಾರು ಅಂಕಿಯ ಗಿಡ್ಡ ನಂಬರ್. ಮೂರನೆಯದು, ನಂಬರೇ ಇಲ್ಲದೆ ಬರೀ ಅಕ್ಷರ ಇರುವ ಹೆಸರು. ಈ ಅಕ್ಷರದ ಹೆಸರು ಹೆಚ್ಚೆಂದರೆ 11 ಅಕ್ಷರ ಇರಬಹುದು. ಅದಕ್ಕೇ ಬ್ಯಾಂಕಿನ ಹೆಸರು ಅರ್ಧಂಬರ್ಧ ಕತ್ತರಿಸಿ ಒಗಟಿನ ಹಾಗೆ ಕಾಣುವುದು. ಅದಕ್ಕೆ ಉತ್ತರ ಕಳಿಸಲು ಆಗುವುದಿಲ್ಲ ಅನ್ನುವುದನ್ನೂ ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೋದ ತಿಂಗಳು ಅಕ್ಕನ ಫೋನ್ ಹಿಡಿದು ಹೀಗೇ ಕೂತೆ. ಅವಳಿಗಿರುವುದು ಒಂದೇ ಬ್ಯಾಂಕ್. ಆದರೆ ಆ ಬ್ಯಾಂಕಿನ ಮೆಸೇಜ್ ನಾಲ್ಕು ಹೆಸರಿನಿಂದ ಬರುತ್ತಿತ್ತು. ಓಟಿಪಿ ಒಂದರಿಂದ, ಹಣ ಹೋದ ಬಂದ ಲೆಕ್ಕ ಇನ್ನೊಂದರಿಂದ, ಕ್ರೆಡಿಟ್ ಕಾರ್ಡಿನ ಸಮಾಚಾರ ಮೂರನೆಯದರಿಂದ, ಜಾಹೀರಾತು ನಾಲ್ಕನೆಯದರಿಂದ. ನಾಲ್ಕೂ ನೋಡಲು ಅಣ್ಣತಮ್ಮಂದಿರ ಹಾಗೆ, ಒಂದೆರಡು ಅಕ್ಷರ ಮಾತ್ರ ವ್ಯತ್ಯಾಸ. ಅವಸರದಲ್ಲಿ ಯಾವುದನ್ನೋ ಬ್ಲಾಕ್ ಮಾಡುವುದು ಎಷ್ಟು ಸುಲಭ ಅಲ್ವಾ?

ಬರೆದ ಪ್ರತಿ ಹೆಸರಿನ ಮುಂದೆ ಒಂದು ಗುರುತು ಹಾಕಿ. ಅಲ್ಲಿಂದ ಬೇಕಾದ ಮೆಸೇಜ್ ಮಾತ್ರ ಬರುತ್ತದಾ, ಬರೀ ಜಾಹೀರಾತು ಬರುತ್ತದಾ, ಎರಡೂ ಬೆರೆತು ಬರುತ್ತದಾ? ಇದನ್ನು ತಿಳಿಯಲು ಆ ಹೆಸರನ್ನು ಒತ್ತಿ ಒಳಗೆ ಹೋಗಿ, ಹಳೆಯ ಮೆಸೇಜ್‌ಗಳನ್ನು ಹತ್ತು ಹದಿನೈದಾದರೂ ಓದಬೇಕು. ಮೇಲಿನ ಒಂದು ಮೆಸೇಜ್ ನೋಡಿ ತೀರ್ಮಾನ ಮಾಡಬೇಡಿ. ನಾನು ಮಾಡಿದ್ದು ಅದೇ ತಪ್ಪು.

ಬೆರಕೆ ಹೆಸರಿಗೆ ಬೇರೆ ಮದ್ದು

ಎರಡೂ ಬೆರೆತು ಬರುವ ಹೆಸರನ್ನು ಫೋನಿನಲ್ಲಿ ಬ್ಲಾಕ್ ಮಾಡಬಾರದು. ಯಾಕೆಂದರೆ ಬ್ಲಾಕ್ ನೋಡುವುದು ಕಳಿಸಿದವರ ಹೆಸರನ್ನು, ಒಳಗೆ ಏನು ಬರೆದಿದೆ ಅಂತ ಅಲ್ಲ. ಇಲ್ಲಿ ಜಾಹೀರಾತನ್ನು ಕಳಿಸುವವರ ಕಡೆಯೇ ನಿಲ್ಲಿಸಬೇಕು. ಬ್ಯಾಂಕಿನ ಆ್ಯಪ್ ಅಥವಾ ವೆಬ್‌ಸೈಟಿಗೆ ಲಾಗಿನ್ ಆಗಿ, ಪ್ರೊಫೈಲ್ ಅಥವಾ ಸೆಟ್ಟಿಂಗ್ಸ್ ಒಳಗೆ `Communication preferences`, `Alerts`, `Notifications`, `Marketing` ಇಂಥ ಹೆಸರಿನ ಪುಟ ಇದೆಯಾ ನೋಡಿ. ಪ್ರಚಾರದ ಮೆಸೇಜ್ ಬೇಡ ಅಂತ ಅಲ್ಲಿ ಟಿಕ್ ತೆಗೆಯಬಹುದು. ತೆಗೆಯುವಾಗ ಪ್ರತಿ ಸಾಲನ್ನೂ ಓದಿ. ವ್ಯವಹಾರದ ಅಲರ್ಟ್ ಸಾಲು ಅದೇ ಪುಟದಲ್ಲಿ ಪಕ್ಕದಲ್ಲೇ ಇರಬಹುದು. ಒಂದೇ ಉಸಿರಿಗೆ ಎಲ್ಲ ಟಿಕ್ ತೆಗೆದರೆ ಕೆಲಸ ಕೆಟ್ಟಿತು. ಇಂಥ ಪುಟವೇ ಇಲ್ಲದಿದ್ದರೆ ಗ್ರಾಹಕ ಸೇವೆಗೆ ಫೋನ್ ಮಾಡಿ, ಪ್ರಚಾರದ ಮೆಸೇಜ್ ಮಾತ್ರ ನಿಲ್ಲಿಸಿ ಅಂತ ಕೇಳಿ.

ಆ ಪುಟದಲ್ಲಿ ಇದ್ದಾಗಲೇ ಇನ್ನೊಂದು ನೋಡಿ. ಕೆಲವು ಬ್ಯಾಂಕ್‌ಗಳಲ್ಲಿ ಇಷ್ಟು ಹಣಕ್ಕಿಂತ ಜಾಸ್ತಿ ಹೋದರೆ ಮಾತ್ರ ಅಲರ್ಟ್ ಕೊಡು ಅನ್ನುವ ಮಿತಿ ಇರುತ್ತದೆ. ಮಿತಿ ಎತ್ತರದಲ್ಲಿದ್ದರೆ ಸಣ್ಣ ಮೊತ್ತ ಹೋದಾಗ ಮೆಸೇಜೇ ಬರುವುದಿಲ್ಲ, ನಾವು ಸುಮ್ನೆ ಫೋನಿನ ಫಿಲ್ಟರನ್ನು ಬಯ್ಯುತ್ತಾ ಕೂರುತ್ತೇವೆ.

`STOP` ಅಂತ ಉತ್ತರ ಕಳಿಸುವ ದಾರಿಯೂ ಇದೆ. ಅದು ನಂಬರ್‌ನಿಂದ ಬಂದ ಮೆಸೇಜಿಗೆ ಮಾತ್ರ, ಅದೂ ನೀವೇ ಹಿಂದೆ ಏನಾದರೂ ಕೊಂಡ ಕಂಪನಿಯದ್ದಾದರೆ ಮಾತ್ರ. ಅಕ್ಷರದ ಹೆಸರಿಗೆ ಉತ್ತರ ಹೋಗುವುದೇ ಇಲ್ಲ ಅಂತ ಆಗಲೇ ಹೇಳಿದೆ. ಗುರುತೇ ಇಲ್ಲದ ನಂಬರಿಗೆ ಏನನ್ನೂ ಕಳಿಸಬೇಡಿ. ನೀವು ಬಯ್ದು ಕಳಿಸಿದರೂ ಅವರಿಗೆ ತಿಳಿಯುವುದು ಒಂದೇ: ಈ ನಂಬರ್ ಚಾಲ್ತಿಯಲ್ಲಿದೆ, ಹಿಂದೆ ಒಬ್ಬ ಮನುಷ್ಯ ಇದ್ದಾನೆ.

ಆ್ಯಂಡ್ರಾಯ್ಡ್ ಫೋನಿನಲ್ಲಿ

ಗೂಗಲ್ ಮೆಸೇಜಸ್ ಆ್ಯಪ್ ಬಳಸುತ್ತಿದ್ದೀರಿ ಅಂದುಕೊಂಡು ಹೇಳುತ್ತೇನೆ. ಫೋನಿನ ಭಾಷೆ ಕನ್ನಡ ಇದ್ದರೆ ಈ ಹೆಸರುಗಳು ಕನ್ನಡದಲ್ಲಿ ಕಾಣುತ್ತವೆ, ಜಾಗ ಅದೇ.

ಪಟ್ಟಿಯಲ್ಲಿ ಬೇಕು ಅಂತ ಗುರುತು ಹಾಕಿದ ಹೆಸರುಗಳಿಂದ ಶುರು ಮಾಡಿ. ಒಂದನ್ನು ತೆರೆದು, ಮೂಲೆಯ ಮೂರು ಚುಕ್ಕಿ ಒತ್ತಿ, `Details` ಒಳಗೆ `Notifications` ಗೆ ಹೋಗಿ. ಅಲ್ಲಿ `Priority`, `Default`, `Silent` ಅಂತ ಇರುತ್ತದೆ. ಓಟಿಪಿ ಮತ್ತು ಹಣದ ಲೆಕ್ಕ ಬರುವ ಹೆಸರಿಗೆ `Priority` ಕೊಡಿ. ಅವು ನೋಟಿಫಿಕೇಶನ್ ಪಟ್ಟಿಯಲ್ಲಿ ಮೇಲೆ ಬಂದು ಕೂರುತ್ತವೆ. ಅವಕ್ಕೆ ಬೇರೆ ರಿಂಗ್ ಕೊಟ್ಟರೆ ಇನ್ನೂ ಒಳ್ಳೆಯದು. ಅಕ್ಕನ ಫೋನಿನಲ್ಲಿ ಹಣದ ಮೆಸೇಜಿಗೆ ಗಂಟೆಯ ಸದ್ದು ಇಟ್ಟೆ. ಈಗ ಅವಳು ಗಂಟೆ ಕೇಳಿದಾಗ ಮಾತ್ರ ಫೋನ್ ನೋಡುತ್ತಾಳೆ. ಡೆಲಿವರಿ ಹೆಸರುಗಳನ್ನು `Default` ನಲ್ಲೇ ಬಿಡಿ.

ಆಮೇಲೆ ಬರೀ ಜಾಹೀರಾತಿನ ಹೆಸರುಗಳು. ಇವಕ್ಕೆ `Silent` ಸಾಕು. ಮೆಸೇಜ್ ಬರುತ್ತದೆ, ಸದ್ದಾಗುವುದಿಲ್ಲ. ಸೆಟ್ಟಿಂಗ್ಸ್ ಒಳಗೆ ಹೋಗಿ ಒಂದೊಂದಾಗಿ ಮಾಡುವುದು ಬೇಸರ ಅನಿಸಿದರೆ, ಮುಂದಿನ ಸಲ ಅಂಥ ಮೆಸೇಜ್ ಬಂದಾಗ ನೋಟಿಫಿಕೇಶನ್ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಅದೇ ಆಯ್ಕೆಗಳು ಅಲ್ಲೇ ಬರುತ್ತವೆ. ಇದು ಆ್ಯಂಡ್ರಾಯ್ಡ್ 11 ರಿಂದ ಈಚೆಗೆ ಇದೆ. ಒಂದು ವಾರ ಹೀಗೆ ಮಾಡಿದರೆ ದಿನಾ ಕಾಟ ಕೊಡುವ ಹೆಸರುಗಳಲ್ಲಿ ಬಹುಪಾಲು ತಣ್ಣಗಾಗಿರುತ್ತವೆ.

ಈಗ ಸ್ಪ್ಯಾಮ್ ಫಿಲ್ಟರ್. ಆ್ಯಪಿನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ `Messages settings` ಗೆ ಹೋಗಿ, ಅಲ್ಲಿ `Spam protection` ಆನ್ ಇದೆಯಾ ನೋಡಿ. ಅನುಮಾನದ ಮೆಸೇಜ್‌ಗಳು `Spam & blocked` ಅನ್ನುವ ಬೇರೆ ಜಾಗಕ್ಕೆ ಹೋಗುತ್ತವೆ. ಅದೂ ಪ್ರೊಫೈಲ್ ಚಿತ್ರದ ಕೆಳಗೇ ಸಿಗುತ್ತದೆ. ಇಲ್ಲಿಗೆ ಹೋದ ಮೆಸೇಜಿಗೆ ಸದ್ದಿಲ್ಲ, ಮುಖ್ಯ ಪಟ್ಟಿಯಲ್ಲೂ ಕಾಣುವುದಿಲ್ಲ. ಬೇಕಾದದ್ದು ಅಲ್ಲಿ ಸಿಕ್ಕಿದರೆ ತೆರೆದು, ಸ್ಪ್ಯಾಮ್ ಅಲ್ಲ ಅಂತ ಹೇಳಿ ಹೊರಗೆ ತನ್ನಿ.

ನಿಜವಾದ ಕಸಕ್ಕೆ, ಅಂದರೆ ಬಹುಮಾನ ಗೆದ್ದಿದ್ದೀರಿ, ಪರಿಚಯವಿಲ್ಲದ ಕಡೆಯಿಂದ ಸಾಲ ಮಂಜೂರಾಗಿದೆ ಅನ್ನುವ ಥರದ್ದಕ್ಕೆ ಮಾತ್ರ ಬ್ಲಾಕ್ ಮಾಡಿ, ಸ್ಪ್ಯಾಮ್ ಅಂತ ವರದಿಯನ್ನೂ ಮಾಡಿ. ವರದಿ ಮಾಡಿದರೆ ಕಳಿಸಿದವರ ನಂಬರ್ ಮತ್ತು ಅವರ ಇತ್ತೀಚಿನ ಮೆಸೇಜ್‌ಗಳು ಗೂಗಲ್‌ಗೆ ಹೋಗುತ್ತವೆ. ಹಾಗಾಗಿ ನಿಮ್ಮ ಬ್ಯಾಂಕಿನ ಬೆರಕೆ ಹೆಸರನ್ನು ಸಿಟ್ಟಿಗೆ ವರದಿ ಮಾಡಬೇಡಿ. ಅದರ ಜೊತೆ ನಿಮ್ಮ ಲೆಕ್ಕದ ಮೆಸೇಜೂ ಹೋಗಬಹುದು.

ಐಫೋನಿನಲ್ಲಿ

ಇಲ್ಲಿ ಫಿಲ್ಟರ್ ಕೇಳುವ ಪ್ರಶ್ನೆ ಬೇರೆ: ಕಳಿಸಿದವರು ನಿಮಗೆ ಪರಿಚಯವಾ? ಸೆಟ್ಟಿಂಗ್ಸ್‌ನಲ್ಲಿ `Messages` ಒಳಗೆ `Filter Unknown Senders` ಇರುತ್ತದೆ. ಐಓಎಸ್ 18 ರಿಂದ `Messages` ಸಿಗುವುದು ಸೆಟ್ಟಿಂಗ್ಸ್‌ನ `Apps` ಒಳಗೆ. ಐಓಎಸ್ 26 ರಲ್ಲಿ ಇದರ ಹೆಸರು `Screen Unknown Senders`. ಆನ್ ಮಾಡಿದರೆ ಪರಿಚಯವಿಲ್ಲದವರ ಮೆಸೇಜ್ ಬೇರೆ ಪಟ್ಟಿಗೆ ಹೋಗುತ್ತದೆ.

ತೊಂದರೆ ಏನೆಂದರೆ, ನಿಮ್ಮ ಬ್ಯಾಂಕು ಕಾಂಟ್ಯಾಕ್ಟ್‌ನಲ್ಲಿ ಇಲ್ಲ. ಪಾರ್ಸೆಲ್ ತರುವವರಂತೂ ಇಲ್ಲವೇ ಇಲ್ಲ. ಇದನ್ನು ಆನ್ ಮಾಡಿ ಸುಮ್ಮನಾದರೆ ಇಬ್ಬರೂ ಅಪರಿಚಿತರ ಪಟ್ಟಿಗೆ ಹೋಗುತ್ತಾರೆ. ಅದಕ್ಕೆ ಆನ್ ಮಾಡುವ ಮೊದಲು ಪಟ್ಟಿಯಲ್ಲಿನ ಬೇಕಾದ ಹೆಸರುಗಳನ್ನು ಒಂದೊಂದೇ ತೆರೆಯಿರಿ. ಮೇಲಿನ ಹೆಸರನ್ನು ಒತ್ತಿದಾಗ ಕಾಂಟ್ಯಾಕ್ಟ್‌ಗೆ ಸೇರಿಸುವ ಆಯ್ಕೆ ಕಂಡರೆ ಅಲ್ಲಿಂದಲೇ ಸೇರಿಸಿ. ಕಾಂಟ್ಯಾಕ್ಟ್ಸ್ ಆ್ಯಪ್ ತೆರೆದು ಕೈಯಲ್ಲಿ ಟೈಪ್ ಮಾಡಲು ಹೋಗಬೇಡಿ, ಒಂದಕ್ಷರ ತಪ್ಪಿದರೂ ಅದು ಬೇರೆ ಹೆಸರಾಗುತ್ತದೆ. ಬ್ಯಾಂಕಿಗೆ ನಾಲ್ಕು ಹೆಸರಿದ್ದರೆ ಬೇಕಾದ ಮೂರನ್ನು ಸೇರಿಸಿ.

ಐಓಎಸ್ 26 ರಲ್ಲಿ ಇನ್ನೊಂದು ಅನುಕೂಲ ಇದೆ. ಆ ಆಯ್ಕೆಯ ಕೆಳಗೇ, ಅಪರಿಚಿತರಾದರೂ ಯಾವ ಥರದ ಮೆಸೇಜಿಗೆ ಸದ್ದು ಮಾಡಬಹುದು ಅಂತ ಆರಿಸಬಹುದು. ಓಟಿಪಿಯಂಥ ತುರ್ತಿನ ಮೆಸೇಜಿಗೆ ಇರುವ `Time Sensitive` ಆನ್ ಇರಲಿ. `Transactions` ಕಂಡರೆ ಅದೂ ಆನ್ ಇರಲಿ. `Promotions` ಆಫ್. ಬೆರಕೆ ಹೆಸರಿನ ಸದ್ದು ತೀರಾ ಜಾಸ್ತಿಯಾದರೆ ಆ ಸಾಲನ್ನು ಎಡಕ್ಕೆ ಎಳೆದು ಗಂಟೆಯ ಗುರುತು ಒತ್ತಬಹುದು. ಆಗ ಮೆಸೇಜ್ ಪಟ್ಟಿಯಲ್ಲಿ ಬರುತ್ತದೆ, ಸದ್ದು ಮಾಡುವುದಿಲ್ಲ. ಅಷ್ಟು ಮಾಡಿದ ಮೇಲೆ ಬ್ಯಾಂಕಿನ ಆ್ಯಪ್ ನೋಟಿಫಿಕೇಶನ್ ಆನ್ ಇರಬೇಕು ಮತ್ತೆ.

ಬೇರೆ ಫಿಲ್ಟರ್ ಆ್ಯಪ್ ಹಾಕಬಹುದಾ?

ಐಫೋನಿನಲ್ಲಿ ಹಾಕಿದರೆ ಅದಕ್ಕೆ ಕೈಕಾಲು ಕಟ್ಟಿರುತ್ತದೆ. ಕಾಂಟ್ಯಾಕ್ಟ್‌ನಲ್ಲಿ ಇರುವವರ ಮೆಸೇಜ್ ಅದರ ಕೈಗೆ ಹೋಗುವುದೇ ಇಲ್ಲ. ಫಿಲ್ಟರ್ ಭಾಗವು ತಾನಾಗಿ ಇಂಟರ್ನೆಟ್ ಮುಟ್ಟಲೂ ಆಗದು, ಐಫೋನಿನ ಮೂಲಕವೇ ಕೇಳಬೇಕು. ಆ್ಯಂಡ್ರಾಯ್ಡ್‌ನಲ್ಲಿ ಹಾಗಲ್ಲ. ಅಲ್ಲಿ ಎಸ್ಸೆಮ್ಮೆಸ್ ಆ್ಯಪನ್ನೇ ಬದಲಾಯಿಸಿದರೆ, ಹೊಸ ಆ್ಯಪು ನಿಮ್ಮ ಓಟಿಪಿಯಿಂದ ಹಿಡಿದು ಎಲ್ಲವನ್ನೂ ಓದಬಲ್ಲದು. ಜಾಹೀರಾತು ತಪ್ಪಿಸಲು ಇಷ್ಟು ಕೊಡುವುದು ನನಗಂತೂ ಒಪ್ಪಿಗೆಯಿಲ್ಲ.

ಕೆಲವು ಆ್ಯಪ್‌ಗಳಲ್ಲಿ ಪದ ಹಾಕಿ ತಡೆಯುವ ಅವಕಾಶ ಇದೆ. ನೋಡಲು ಚೆನ್ನ, ಬಳಸಲು ಕಷ್ಟ. ಅಕ್ಕ ಇದನ್ನು ಮಾಡಿ ನೋಡಿದ್ದಳು. ಸಾಲದ ಜಾಹೀರಾತು ನಿಲ್ಲಲಿ ಅಂತ `loan` ಪದ ಹಾಕಿದಳು. ಕೆಲವೇ ದಿನಕ್ಕೆ ಅವಳ ಸ್ವಂತ ಸಾಲದ ಕಂತಿನ ಮೆಸೇಜೂ ಮರೆಯಾಯಿತು, ಅದರಲ್ಲೂ ಅದೇ ಪದ ಇತ್ತು. ಪದ ತೆಗೆದು `pre-approved loan` ಅಂತ ಹಾಕಿದ ಮೇಲೆ ಸರಿಯಾಯಿತು. ಪದ ಹಾಕುವ ಮೊದಲು ಅದೇ ಪದವನ್ನು ಹುಡುಕುವ ಜಾಗದಲ್ಲಿ ಹಾಕಿ. ಸಿಕ್ಕವುಗಳಲ್ಲಿ ಬೇಕಾದ ಮೆಸೇಜ್ ಒಂದಿದ್ದರೂ ಆ ಪದ ಬೇಡ. `offer`, `code`, `order` ಇವನ್ನು ಹಾಕಲೇಬೇಡಿ. ಓಟಿಪಿಯಲ್ಲಿ `code` ಇರುತ್ತದೆ, ಪಾರ್ಸೆಲ್ ಮೆಸೇಜಿನಲ್ಲಿ `order` ಇರುತ್ತದೆ.

ಕೆಲಸ ಮಾಡುತ್ತಿದೆಯಾ ಅಂತ ಪರೀಕ್ಷೆ

ಎಲ್ಲ ಮುಗಿದ ಮೇಲೆ ಫೋನಿನ ಮುಂದೆ ಕೂತು ಎರಡು ಮೆಸೇಜ್ ಬರಿಸಿ. ಬ್ಯಾಂಕಿನ ವೆಬ್‌ಸೈಟಿನಲ್ಲಿ ಓಟಿಪಿ ಬೇಕಾಗುವ ಯಾವುದಾದರೂ ಕೆಲಸ ಶುರು ಮಾಡಿ, ಓಟಿಪಿ ಬಂದ ಮೇಲೆ ಅರ್ಧಕ್ಕೆ ಬಿಡಿ. ಆಮೇಲೆ ಮನೆಯವರ ಖಾತೆಗೆ ಸಣ್ಣ ಮೊತ್ತ ಕಳಿಸಿ. ಎರಡೂ ಸದ್ದು ಮಾಡಿ ಮೇಲೆ ಕಾಣಬೇಕು.

ಕಾಣದಿದ್ದರೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕುವುದು ಹೀಗೆ. ಮೊದಲು ಮುಖ್ಯ ಪಟ್ಟಿ ನೋಡಿ. ಮೆಸೇಜ್ ಅಲ್ಲಿದೆ, ಸದ್ದು ಮಾತ್ರ ಬಂದಿಲ್ಲ ಅಂದರೆ ದೋಷ ನೋಟಿಫಿಕೇಶನ್‌ದು. ಆ ಹೆಸರು `Silent` ಆಗಿದೆಯಾ, ಫೋನು `Do Not Disturb` ನಲ್ಲಿದೆಯಾ ನೋಡಿ. ಮುಖ್ಯ ಪಟ್ಟಿಯಲ್ಲಿ ಇಲ್ಲದಿದ್ದರೆ ಸ್ಪ್ಯಾಮ್ ಅಥವಾ ಅಪರಿಚಿತರ ಪಟ್ಟಿ ತೆರೆಯಿರಿ. ಅಲ್ಲಿ ಸಿಕ್ಕರೆ ದೋಷ ಫಿಲ್ಟರಿನದು, ಹೊರಗೆ ತೆಗೆದರೆ ಮುಗಿಯಿತು. ಎರಡೂ ಕಡೆ ಇಲ್ಲ, ಆ ಹೆಸರು ಬ್ಲಾಕ್ ಕೂಡ ಆಗಿಲ್ಲ ಅಂದರೆ ಮೆಸೇಜ್ ಫೋನಿಗೇ ಬಂದಿರಲಿಕ್ಕಿಲ್ಲ. ಆಗ ಸೆಟ್ಟಿಂಗ್ಸ್ ತಡಕಾಡಿ ಪ್ರಯೋಜನವಿಲ್ಲ. ಸಿಗ್ನಲ್ ಇದೆಯಾ, ಬ್ಯಾಂಕಿನಲ್ಲಿ ಕೊಟ್ಟಿರುವುದು ಈ ಸಿಮ್ಮಿನ ನಂಬರೇನಾ, ಅಲರ್ಟ್ ಮಿತಿ ಎಷ್ಟಿದೆ ಅನ್ನುವುದನ್ನು ನೋಡಿ.

ಮೊದಲ ಎರಡು ವಾರ ದಿನಕ್ಕೊಮ್ಮೆ ಸ್ಪ್ಯಾಮ್ ಪಟ್ಟಿಯನ್ನು ಕಣ್ಣಾಡಿಸಿ. ಅಕ್ಕನ ಫೋನಿನಲ್ಲಿ ಆ ಅವಧಿಯಲ್ಲಿ ಒಂದೇ ಒಂದು ಒಳ್ಳೆಯ ಮೆಸೇಜ್ ಅಲ್ಲಿಗೆ ಬಿದ್ದಿತ್ತು, ಅದು ಪಾರ್ಸೆಲ್ ತರುವವನು ಸ್ವಂತ ನಂಬರ್‌ನಿಂದ ಕಳಿಸಿದ್ದು. ಇದಕ್ಕೆ ಪೂರ್ತಿ ಪರಿಹಾರ ಇಲ್ಲ. ಅಂಥ ನಂಬರ್ ಪ್ರತಿ ಸಲ ಹೊಸದು, ಮೊದಲೇ ಸೇರಿಸಿಡಲು ಆಗುವುದಿಲ್ಲ. ಪಾರ್ಸೆಲ್ ಬರುವ ದಿನ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಆ ಪಟ್ಟಿ ನೋಡುವುದು, ಇಲ್ಲವೇ ಕೊಂಡ ಅಂಗಡಿಯ ಆ್ಯಪಿನಲ್ಲಿ ಪಾರ್ಸೆಲ್ ಎಲ್ಲಿದೆ ಅಂತ ನೋಡುವುದು, ಇಷ್ಟೇ ದಾರಿ.

ಫಿಲ್ಟರ್ ಹಿಡಿಯಲಾಗದ ಒಂದು ಮೋಸ

ಅಕ್ಷರದ ಹೆಸರಿನಲ್ಲಿ ಒಂದು ದೊಡ್ಡ ಬಿರುಕಿದೆ. ಆ ಹೆಸರನ್ನು ತುಂಬುವುದು ಕಳಿಸುವ ಕಡೆಯವರು. ತಡೆ ಗಟ್ಟಿಯಿಲ್ಲದ ಕಡೆ ಮೋಸಗಾರರೂ ನಿಮ್ಮ ಬ್ಯಾಂಕಿನ ಹೆಸರನ್ನೇ ತುಂಬಿ ಕಳಿಸಬಲ್ಲರು. ಫೋನು ಒಂದೇ ಹೆಸರಿನ ಮೆಸೇಜ್‌ಗಳನ್ನು ಒಂದೇ ಸಾಲಿನಲ್ಲಿ ಜೋಡಿಸುತ್ತದೆ. ಹಾಗಾಗಿ ನಕಲಿ ಮೆಸೇಜು ನಿನ್ನೆಯ ಅಸಲಿ ಓಟಿಪಿಯ ಕೆಳಗೇ ಬಂದು ಕೂರಬಹುದು. ನೀವು ಆ ಹೆಸರಿಗೆ `Priority` ಕೊಟ್ಟಿದ್ದರೆ ನಕಲಿಗೂ ಗಂಟೆ ಬಾರಿಸುತ್ತದೆ. ನಾವೇ ಬಾಗಿಲು ತೆಗೆದಿಟ್ಟ ಹಾಗೆ.

ಅದಕ್ಕೆ ಬೇಕಾದ ಹೆಸರುಗಳ ವಿಷಯದಲ್ಲಿ ಅಕ್ಕನಿಗೆ ಒಂದು ರೂಢಿ ಹೇಳಿಕೊಟ್ಟಿದ್ದೇನೆ. ಗಂಟೆ ಹೊಡೆದರೆ ಮೆಸೇಜ್ ಓದು, ಅದರೊಳಗಿನ ಲಿಂಕ್ ಒತ್ತಬೇಡ, ನಂಬರಿಗೆ ಫೋನ್ ಮಾಡಬೇಡ. ಹಣ ಹೋಗಿದೆ ಅಂತ ಬಂದಿದ್ದರೆ ಬ್ಯಾಂಕಿನ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡು. ವಿಳಾಸ ತಪ್ಪಿದೆ, ಪಾರ್ಸೆಲ್ ಬಿಡಿಸಲು ಸ್ವಲ್ಪ ಹಣ ಕಟ್ಟಿ ಅಂತ ಬಂದಿದ್ದರೆ ಅಂಗಡಿಯ ಆ್ಯಪ್ ತೆರೆದು ನೋಡು. ಫೋನ್ ಮಾಡಲೇಬೇಕಾದರೆ ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ಮಾಡು. ಹೋದ ವಾರ ಪಾರ್ಸೆಲ್ ಹಣದ ಮೆಸೇಜ್ ಒಂದು ಅವಳಿಗೆ ಬಂತಂತೆ, ಅವಳು ಏನನ್ನೂ ತರಿಸಿರಲಿಲ್ಲ. ಆ ನಂಬರನ್ನು ಅವಳೇ ಬ್ಲಾಕ್ ಮಾಡಿ, ಆಮೇಲೆ ನನಗೆ ಫೋನ್ ಮಾಡಿ ಹೇಳಿದಳು.